ಮೊದಲು ಯಾರ ಹೆಸರಿನಲ್ಲಿ ಅರ್ಜಿ? ವಿದೇಶದ ಕೆಲಸ ಹುಡುಕುವ ಮನೆಯೊಂದರ ಲೆಕ್ಕ

ವಯಸ್ಸಾದವರ ಮತ್ತು ಅಂಗವಿಕಲರ ಆರೈಕೆ ಮಾಡುವ ಕೇರ್ ವರ್ಕರ್ ಕೆಲಸವನ್ನು ಬ್ರಿಟನ್ ಸರ್ಕಾರ 2022ರ ಫೆಬ್ರವರಿಯಲ್ಲಿ ತನ್ನ ‘ಕೊರತೆ ಉದ್ಯೋಗಗಳ ಪಟ್ಟಿ’ಗೆ ಸೇರಿಸಿತು. ಪಟ್ಟಿಗೆ ಸೇರಿದ್ದೇ ತಡ, ಭಾರತದಿಂದಲೂ ಆಫ್ರಿಕಾದ ದೇಶಗಳಿಂದಲೂ ಜನ ಸಾವಿರಗಟ್ಟಲೆ ಹೊರಟರು. ಎರಡು ವರ್ಷ ಕಳೆಯಿತು. 2024ರ ಮಾರ್ಚ್‌ನಿಂದ ಈ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ ಎಂಬ ನಿಯಮ ಬಂತು. 2025ರ ಜುಲೈ 22ಕ್ಕೆ ಹೊರದೇಶಗಳಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವುದೇ ನಿಂತುಹೋಯಿತು. ಈ ನಡುವೆ, ನಿಯಮ ಮುರಿದ ಕಾರಣಕ್ಕೆ 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳು ವಿದೇಶಿಯರನ್ನು ನೇಮಿಸಿಕೊಳ್ಳುವ ಪರವಾನಗಿ ಕಳೆದುಕೊಂಡವು. ಅವನ್ನೇ ನಂಬಿ ಹೋಗಿದ್ದವರು ಬೇರೆ ಮಾಲೀಕರನ್ನು ಹುಡುಕಿಕೊಂಡು ಅಲೆಯಬೇಕಾಯಿತು.

ಇದೇ ಅವಧಿಯಲ್ಲಿ ನರ್ಸ್‌ಗಳ ಕಥೆ ಬೇರೆಯೇ ಆಯಿತು. 2024ರ ಏಪ್ರಿಲ್‌ನಲ್ಲಿ ಬ್ರಿಟನ್ ಹಳೆಯ ಕೊರತೆ ಪಟ್ಟಿಯನ್ನು ರದ್ದು ಮಾಡಿ ಚಿಕ್ಕದೊಂದು ಪಟ್ಟಿ ತಂದಿತು. ಅದರಲ್ಲಿ ನರ್ಸ್‌ಗಳ ಹೆಸರಿಲ್ಲ. ಆದರೂ ನರ್ಸ್‌ಗಳಿಗೆ ವೀಸಾ ಸಿಗುತ್ತಲೇ ಇದೆ, ಮನೆಯವರನ್ನು ಜೊತೆಗೆ ಕರೆದೊಯ್ಯಲೂ ಅವಕಾಶವಿದೆ. ಪಟ್ಟಿಗೆ ಸೇರಿದವರಿಗೆ ಬಾಗಿಲು ಮುಚ್ಚಿತು, ಪಟ್ಟಿಯಲ್ಲಿ ಇಲ್ಲದವರಿಗೆ ತೆರೆದೇ ಇದೆ. ‘ನಮ್ಮ ಕೆಲಸ ಯಾವ ದೇಶದ ಪಟ್ಟಿಯಲ್ಲಿದೆ’ ಎಂದು ಹುಡುಕುವುದರಿಂದಲೇ ದೇಶದ ಆಯ್ಕೆ ಶುರು ಮಾಡುವವರು ಇಲ್ಲೇ ಎಡವುತ್ತಾರೆ.

ಮೂರು ಒಪ್ಪಿಗೆ, ಮೂರು ಕೈ

ಹೊರದೇಶದಲ್ಲಿ ಕೆಲಸ ಮಾಡಲು ಮೂವರ ಒಪ್ಪಿಗೆ ಬೇಕಾಗುತ್ತದೆ. ಕೆಲಸ ಕೊಡುವ ಮಾಲೀಕ ‘ಈ ವ್ಯಕ್ತಿ ನನಗೆ ಬೇಕು, ಇವರ ಹೊಣೆ ನನ್ನದು’ ಎನ್ನಬೇಕು. ಸ್ಪಾನ್ಸರ್‌ಶಿಪ್ ಎಂದರೆ ಇದು. ಸರ್ಕಾರ ‘ಈ ಕೆಲಸಕ್ಕೆ ಹೊರಗಿನವರು ಬರಬಹುದು, ಸಂಬಳ ಇಷ್ಟಕ್ಕಿಂತ ಕಡಿಮೆ ಇರಕೂಡದು’ ಎಂದು ನಿಯಮ ಹಾಕುತ್ತದೆ. ಕೊರತೆ ಉದ್ಯೋಗಗಳ ಪಟ್ಟಿ ಬರುವುದು ಇಲ್ಲಿ. ಮೂರನೆಯದು, ನಮ್ಮ ಪದವಿ ಅಲ್ಲಿನ ಪದವಿಗೆ ಸಮ ಎಂದು ಒಪ್ಪುವ ಮಂಡಳಿ ಅಥವಾ ಕಚೇರಿ.

ಪಟ್ಟಿ ಹೆಚ್ಚಿನ ಕಡೆ ಮಾಡುವ ಕೆಲಸ ಬಹಳ ಸಣ್ಣದು. ಬ್ರಿಟನ್ನಿನ ಹಳೆಯ ಪಟ್ಟಿ ಸಂಬಳದ ಮಿತಿಯಲ್ಲಿ ರಿಯಾಯಿತಿ ಕೊಡುತ್ತಿತ್ತು, ಜರ್ಮನಿಯ ಪಟ್ಟಿ ಈಗಲೂ ಅದನ್ನೇ ಮಾಡುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಕರೆದು ಕೆಲಸ ಕೊಡುವುದಿಲ್ಲ, ಮಂಡಳಿಯ ಪರೀಕ್ಷೆ ತಪ್ಪುವುದೂ ಇಲ್ಲ. ಮೇಲಾಗಿ, ಮೂರರಲ್ಲಿ ಬೇಗ ಬದಲಾಗುವುದು ಈ ಪಟ್ಟಿಯೇ. ನಿಧಾನವಾಗಿ ಬದಲಾಗುವುದು, ನಮ್ಮ ಸಮಯವನ್ನು ಹೆಚ್ಚು ತಿನ್ನುವುದು, ಸಿಕ್ಕ ಮೇಲೆ ಸುಲಭವಾಗಿ ಕೈಬಿಡದಿರುವುದು ಪದವಿಯ ಮಾನ್ಯತೆ.

ಈ ಮಾನ್ಯತೆ ಎಲ್ಲ ವೃತ್ತಿಗೂ ಒಂದೇ ತರಹ ಅನ್ವಯಿಸುವುದಿಲ್ಲ. ವೈದ್ಯರು, ನರ್ಸ್‌ಗಳು, ಔಷಧ ತಜ್ಞರಂಥವರದು ಕಾನೂನಿನಿಂದ ನಿಯಂತ್ರಿತವಾದ ವೃತ್ತಿ. ಅಲ್ಲಿನ ಮಂಡಳಿಯ ನೋಂದಣಿ ಇಲ್ಲದೆ ಆ ಹೆಸರಿನಲ್ಲಿ ಒಂದು ದಿನವೂ ಕೆಲಸ ಮಾಡುವಂತಿಲ್ಲ. ಸಾಫ್ಟ್‌ವೇರ್‌ನಂಥ ಕೆಲಸಕ್ಕೆ ಇಂಥ ಮಂಡಳಿಯೇ ಇಲ್ಲ. ಒಂದೇ ಮನೆಯಲ್ಲಿ ಈ ಎರಡೂ ಬಗೆಯ ವೃತ್ತಿಯವರಿದ್ದರೆ ದೇಶದ ಲೆಕ್ಕ ಹೇಗೆ ತಿರುಗುತ್ತದೆ ಎಂದು ನೋಡೋಣ.

ಮಂಗಳೂರಿನ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಹೆಂಡತಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ನರ್ಸಿಂಗ್ ಪದವೀಧರೆ, ಐಸಿಯುನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು. ಗಂಡ ವಿಟಿಯುನಿಂದ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮಾಡಿ ಐದು ವರ್ಷದಿಂದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಒಂದು ಪುಟ್ಟ ಮಗು. ಬ್ರಿಟನ್ನೋ ಜರ್ಮನಿಯೋ ಎಂಬ ಚರ್ಚೆ ಮನೆಯಲ್ಲಿ ನಡೆದಿದೆ. ಸಂಬಳ ಹೆಚ್ಚು ಗಂಡನದೇ ಆದ್ದರಿಂದ ಅರ್ಜಿಯೂ ಅವನ ಹೆಸರಿನಲ್ಲೇ ಎಂಬುದು ಮನೆಯವರ ಲೆಕ್ಕಾಚಾರ.

ಬ್ರಿಟನ್ನಿನಲ್ಲಿ ಹೆಂಡತಿ ಮುಂದೆ

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಎಲ್ಲವೂ ಮಾಲೀಕನಿಂದ ಶುರುವಾಗುತ್ತದೆ. ಆ ಸಂಸ್ಥೆ ಮೊದಲು ಸರ್ಕಾರದಿಂದ ಸ್ಪಾನ್ಸರ್ ಪರವಾನಗಿ ಪಡೆದಿರಬೇಕು. ಆಮೇಲೆ ನಿಮ್ಮ ಹೆಸರಿಗೆ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಕೊಡಬೇಕು. ಹೆಸರು ಸರ್ಟಿಫಿಕೇಟ್ ಎಂದಿದ್ದರೂ ಇದು ಗೋಡೆಗೆ ತೂಗುಹಾಕುವ ಕಾಗದವಲ್ಲ. ಸರ್ಕಾರದ ಗಣಕದಲ್ಲಿ ಹುಟ್ಟುವ ಒಂದು ಸಂಖ್ಯೆ. ಅದು ಆ ಮಾಲೀಕನಿಗೆ, ಆ ಕೆಲಸಕ್ಕೆ, ಆ ಸಂಬಳಕ್ಕೆ ಮಾತ್ರ ಸಲ್ಲುತ್ತದೆ.

ಗಂಡನ ಹೆಸರಿನಲ್ಲಿ ಹೊರಟರೆ ಏನಾಗುತ್ತದೆ? ಅವನ ಬಿ.ಇ. ಪದವಿಯನ್ನು ಯಾವ ಬ್ರಿಟಿಷ್ ಕಚೇರಿಯೂ ತೂಗಿ ನೋಡುವುದಿಲ್ಲ. ಈ ವೀಸಾದಲ್ಲಿ ನೋಡುವುದು ಕೆಲಸದ ಮಟ್ಟವನ್ನು, ಅಭ್ಯರ್ಥಿಯ ಪದವಿಯನ್ನಲ್ಲ. ಇದು ಸುಲಭವೆನಿಸಿದರೂ ಅಡ್ಡಿ ಬೇರೆ ಕಡೆ ಇದೆ. 2025ರ ಜುಲೈನಿಂದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್. ಆಯಾ ಹುದ್ದೆಗೆ ನಿಗದಿಯಾದ ದರ ಇದಕ್ಕಿಂತ ಹೆಚ್ಚಿದ್ದರೆ ಅದೇ ಲೆಕ್ಕಕ್ಕೆ ಬರುತ್ತದೆ. ಅಷ್ಟು ಸಂಬಳವನ್ನೂ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕಗಳನ್ನೂ ಹೊತ್ತು, ಮುಖ ನೋಡದವನನ್ನು ಮಂಗಳೂರಿನಿಂದ ಕರೆಸಿಕೊಳ್ಳುವ ಕಂಪನಿ ಸಿಗಬೇಕು. ಅದಲ್ಲದೆ ಆರೋಗ್ಯ ಶುಲ್ಕವೆಂದು ಪ್ರತಿ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಗುವಿಗೆ 776 ಪೌಂಡ್ ಮುಂಗಡವಾಗಿ ಕಟ್ಟಬೇಕು. ಮೂರು ವರ್ಷದ ವೀಸಾ ಎಂದರೆ ಈ ಮೂವರಿಗೆ 8,538 ಪೌಂಡ್, ಹೆಚ್ಚುಕಡಿಮೆ ಹತ್ತು ಲಕ್ಷ ರೂಪಾಯಿ. ವಿಮಾನ ಹತ್ತುವ ಮೊದಲೇ ಕೈಬಿಡುವ ಹಣ ಇದು.

ಹೆಂಡತಿ ನರ್ಸ್ ಆಗಿ ಹೊರಟರೆ ಲೆಕ್ಕವೇ ಬದಲಾಗುತ್ತದೆ. ಅವಳಿಗೆ ಸಿಗುವುದು ಹೆಲ್ತ್ ಆ್ಯಂಡ್ ಕೇರ್ ವರ್ಕರ್ ವೀಸಾ. ಅದರಲ್ಲಿ ಆ ಆರೋಗ್ಯ ಶುಲ್ಕ ಮೂವರಿಗೂ ಇಲ್ಲ. ಅವಳ ಸಂಬಳವನ್ನು 41,700ಕ್ಕೆ ಹೋಲಿಸುವುದಿಲ್ಲ, ರಾಷ್ಟ್ರೀಯ ಆರೋಗ್ಯ ಸೇವೆಯ ವೇತನ ಶ್ರೇಣಿಗೆ ಹೋಲಿಸುತ್ತಾರೆ. ಹೊಸ ನರ್ಸ್ ಸೇರುವ ಬ್ಯಾಂಡ್ 5ರ ಆರಂಭಿಕ ಸಂಬಳ 2025-26ರಲ್ಲಿ ಇಂಗ್ಲೆಂಡಿನಲ್ಲಿ 31,049 ಪೌಂಡ್ ಇತ್ತು. ಎಲ್ಲಕ್ಕಿಂತ ಮುಖ್ಯವಾದುದು, ಅವಲಂಬಿತನಾಗಿ ಹೋಗುವ ಗಂಡ ಅಲ್ಲಿ ಯಾವ ಕಂಪನಿಯಲ್ಲಿ ಬೇಕಾದರೂ ಕೆಲಸ ಮಾಡಬಹುದು. ಅವನಿಗೆ ಸ್ಪಾನ್ಸರ್ ಬೇಕಿಲ್ಲ, ಸಂಬಳದ ಮಿತಿಯೂ ಇಲ್ಲ. ಇಲ್ಲಿ ಕೂತು ನೂರು ಕಂಪನಿಗೆ ಅರ್ಜಿ ಹಾಕಿದರೂ ‘ಸ್ಪಾನ್ಸರ್ ಮಾಡುವುದಿಲ್ಲ’ ಎನ್ನುವ ಉತ್ತರ ಬರುತ್ತಿದ್ದವನು ಅಲ್ಲಿಗೆ ಹೋಗಿ ಸ್ಥಳೀಯನಂತೆ ಸಂದರ್ಶನಕ್ಕೆ ಕೂರಬಹುದು.

ಇದಕ್ಕೆ ತೆರಬೇಕಾದ ಬೆಲೆ ಮಾನ್ಯತೆಯ ದಾರಿ. ಅಲ್ಲಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, ಮೊದಲು ಇಂಗ್ಲಿಷ್ ಕೇಳುತ್ತದೆ. ಐಇಎಲ್‌ಟಿಎಸ್ ಆದರೆ ಓದು, ಆಲಿಸುವಿಕೆ, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5. ಆಸ್ಪತ್ರೆಯ ಸನ್ನಿವೇಶಗಳನ್ನೇ ಇಟ್ಟುಕೊಂಡ ಒಇಟಿ ಪರೀಕ್ಷೆಯನ್ನೂ ಬರೆಯಬಹುದು. ವಾರ್ಡಿನಲ್ಲಿ ಕೆಲಸ ಮಾಡಿದವರಲ್ಲಿ ಅನೇಕರಿಗೆ ಇದೇ ಹತ್ತಿರವೆನಿಸುತ್ತದೆ. ಮುಂದಿನದು ಗಣಕದ ಮುಂದೆ ಕೂತು ಬರೆಯುವ ಸಿಬಿಟಿ. ಅದನ್ನು ಭಾರತದಲ್ಲೇ ಮುಗಿಸಬಹುದು. ಕೊನೆಯದು ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಅದನ್ನು ಬ್ರಿಟನ್ನಿಗೆ ಹೋಗಿಯೇ ಕೊಡಬೇಕು. ರೋಗಿಯ ಸ್ಥಿತಿ ಅಂದಾಜಿಸುವುದು, ಔಷಧ ಕೊಡುವುದು, ದಾಖಲೆ ಬರೆಯುವುದು ಹೀಗೆ ಹತ್ತು ಹಂತಗಳು. ಒಂದು ಅರ್ಜಿಯಲ್ಲಿ ಮೂರು ಸಲ ಅವಕಾಶ. ತೇರ್ಗಡೆಯಾಗಿ ನೋಂದಣಿ ಸಂಖ್ಯೆ ಬರುವ ತನಕ ಅವಳು ಪೂರ್ಣ ನರ್ಸ್ ಅಲ್ಲ, ಕೆಳಗಿನ ಬ್ಯಾಂಡಿನ ಸಂಬಳಕ್ಕೆ ದುಡಿಯಬೇಕು.

ಅನುಭವಿ ನರ್ಸ್‌ಗಳು ಆಸ್ಕಿಯಲ್ಲಿ ಎಡವುವುದು ಹೆಚ್ಚಾಗಿ ಕೈಚಳಕದಲ್ಲಲ್ಲ. ರೋಗಿಗೆ ತಮ್ಮ ಹೆಸರು ಹೇಳಿಕೊಳ್ಳುವುದು, ಕೈಪಟ್ಟಿ ನೋಡಿ ಗುರುತು ಖಚಿತಪಡಿಸುವುದು, ಮುಟ್ಟುವ ಮುನ್ನ ಒಪ್ಪಿಗೆ ಕೇಳುವುದು, ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುವುದು ಇವಕ್ಕೆಲ್ಲ ಅಲ್ಲಿ ಅಂಕವಿದೆ. ನಲವತ್ತು ರೋಗಿಗಳ ವಾರ್ಡಿನಲ್ಲಿ ಓಡಾಡಿ ಅಭ್ಯಾಸವಾದವರಿಗೆ ಇವೇ ಮೊದಲು ಬಿಟ್ಟುಹೋಗುತ್ತವೆ.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಹೊರದೇಶದ ನೇಮಕಾತಿಯನ್ನು 2035ರ ಹೊತ್ತಿಗೆ ಶೇ 10ಕ್ಕಿಂತ ಕೆಳಗೆ ಇಳಿಸುವುದು ಬ್ರಿಟನ್ನಿನ ಆರೋಗ್ಯ ಯೋಜನೆಯ ಗುರಿ. ನಿಯಮ ತೆರೆದಿದ್ದರೂ ಆಸ್ಪತ್ರೆಗಳು ಕೊಡುವ ಹುದ್ದೆಗಳು ಮೊದಲಿನಷ್ಟಿಲ್ಲ. ಹೀಗಾಗಿ ಸಿಬಿಟಿ, ಇಂಗ್ಲಿಷ್ ಎರಡನ್ನೂ ಮುಗಿಸಿಟ್ಟುಕೊಂಡವರ ಅರ್ಜಿಯನ್ನೇ ಆಸ್ಪತ್ರೆಗಳು ಮೊದಲು ಕೈಗೆತ್ತಿಕೊಳ್ಳುತ್ತವೆ.

ಜರ್ಮನಿಯಲ್ಲಿ ಗಂಡ ಮುಂದೆ

ಜರ್ಮನಿಯಲ್ಲಿ ಇದೇ ಮನೆಯ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಸ್ಪಾನ್ಸರ್ ಪರವಾನಗಿ ಎಂಬ ಪದ್ಧತಿಯೇ ಇಲ್ಲ. ಯಾವ ಕಂಪನಿ ಬೇಕಾದರೂ ಹೊರದೇಶದವರಿಗೆ ಕೆಲಸದ ಒಪ್ಪಂದ ಕೊಡಬಹುದು. ಅದರ ಬದಲಿಗೆ ಅವರು ಪದವಿಯನ್ನು ತೂಗುತ್ತಾರೆ.

ಗಂಡನಿಗೆ ಬೇಕಾದದ್ದು ಇಯು ಬ್ಲೂ ಕಾರ್ಡ್. ಅವನು ಮೊದಲು ‘ಅನಾಬಿನ್’ ಎಂಬ ಜರ್ಮನ್ ಸರ್ಕಾರದ ಉಚಿತ ಜಾಲತಾಣದಲ್ಲಿ ಎರಡು ಸಂಗತಿ ನೋಡಬೇಕು: ತನ್ನ ವಿಶ್ವವಿದ್ಯಾಲಯಕ್ಕೆ ‘ಎಚ್ ಪ್ಲಸ್’ ಗುರುತಿದೆಯೇ, ತನ್ನ ಪದವಿ ಜರ್ಮನ್ ಪದವಿಗೆ ಸಮ ಎಂದು ನಮೂದಾಗಿದೆಯೇ. ಎರಡೂ ಇದ್ದರೆ ಆ ಪುಟಗಳನ್ನು ಮುದ್ರಿಸಿ ವೀಸಾ ಅರ್ಜಿಗೆ ಲಗತ್ತಿಸಿದರೆ ಸಾಕು. ಪದವಿ ಅಲ್ಲಿ ಸಿಗದಿದ್ದರೆ ಬಾನ್ ನಗರದ ಕೇಂದ್ರ ಕಚೇರಿಯಿಂದ ಹೋಲಿಕೆಯ ಪ್ರಮಾಣಪತ್ರ ತರಿಸಬೇಕು. ಶುಲ್ಕ 208 ಯೂರೋ.

ಕೊರತೆ ಪಟ್ಟಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. 2026ರಲ್ಲಿ ಬ್ಲೂ ಕಾರ್ಡಿಗೆ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 50,700 ಯೂರೋ. ಐಟಿ ಕೊರತೆಯ ವೃತ್ತಿಯಾದ್ದರಿಂದ ಅವನಿಗೆ 45,934 ಯೂರೋ ಸಾಕು. ಪಟ್ಟಿಯಿಂದ ಸಿಕ್ಕ ಲಾಭವೆಂದರೆ ಈ ನಾಲ್ಕು ಸಾವಿರ ಚಿಲ್ಲರೆ ಯೂರೋಗಳ ಸಡಿಲಿಕೆ. ಆದರೆ ಮೊದಲ ಕೆಲಸ ಸಿಗುವುದೂ ಕೈತಪ್ಪುವುದೂ ಎಷ್ಟೋ ಸಲ ಇಷ್ಟೇ ಅಂತರದಲ್ಲಿ. ಪದವಿಯೇ ಇಲ್ಲದ ಐಟಿ ನೌಕರನಿಗೂ, ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ಅನುಭವವಿದ್ದರೆ, ಇದೇ ಕಡಿಮೆ ಮಿತಿಯಲ್ಲಿ ಬ್ಲೂ ಕಾರ್ಡ್ ಸಿಗಲು ಅವಕಾಶವಿದೆ. ಜರ್ಮನ್ ಭಾಷೆ ಬ್ಲೂ ಕಾರ್ಡಿಗೆ ಕಡ್ಡಾಯವಲ್ಲ. ಮುಂದೆ ಕಾಯಂ ವಾಸದ ಹಕ್ಕಿಗೆ ಮಾತ್ರ ಭಾಷೆಗೆ ಬೆಲೆಯಿದೆ: ಬಿ1 ಮಟ್ಟ ತಲುಪಿದರೆ 21 ತಿಂಗಳಿಗೆ, ಎ1 ಮಾತ್ರ ಇದ್ದರೆ 27 ತಿಂಗಳಿಗೆ ಅರ್ಜಿ ಹಾಕಬಹುದು.

ಹೆಂಡತಿಯ ದಾರಿ ಇಲ್ಲಿ ಉದ್ದ. ನರ್ಸ್‌ಗಳ ಮಾನ್ಯತೆಯನ್ನು ಕೊಡುವುದು ಜರ್ಮನಿಯ ಹದಿನಾರು ರಾಜ್ಯಗಳು, ಒಂದೊಂದು ರಾಜ್ಯದ ಕಚೇರಿಯೂ ಬೇರೆ. ಅವಳ ನಾಲ್ಕು ವರ್ಷದ ಪಠ್ಯವನ್ನು ಅವರು ತಮ್ಮ ಮೂರು ವರ್ಷದ ತರಬೇತಿಯ ಜೊತೆ, ವಿಷಯಕ್ಕೆ ವಿಷಯ ಗಂಟೆಗೆ ಗಂಟೆ ಇಟ್ಟು ನೋಡುತ್ತಾರೆ. ಅಲ್ಲಿ 2020ರಿಂದ ಆಸ್ಪತ್ರೆಯ ಶುಶ್ರೂಷೆ, ಮಕ್ಕಳ ಶುಶ್ರೂಷೆ, ವೃದ್ಧರ ಆರೈಕೆ ಮೂರೂ ಸೇರಿ ಒಂದೇ ತರಬೇತಿಯಾಗಿವೆ. ವೃದ್ಧರ ದೀರ್ಘಕಾಲದ ಆರೈಕೆಗೆ ನಮ್ಮ ಪಠ್ಯದಲ್ಲಿ ಅಷ್ಟು ಗಂಟೆಗಳಿಲ್ಲ. ಆದ್ದರಿಂದ ಬಹುತೇಕರಿಗೆ ಬರುವುದು ಪೂರ್ಣ ಮಾನ್ಯತೆಯಲ್ಲ, ‘ಇಷ್ಟಿಷ್ಟು ಕೊರತೆ ಇದೆ’ ಎಂಬ ಪತ್ರ. ಇದನ್ನು ತಿರಸ್ಕಾರವೆಂದು ಓದಿಕೊಂಡು ಎದೆಗುಂದಬೇಕಿಲ್ಲ. ಆ ಕೊರತೆಯನ್ನು ಆಸ್ಪತ್ರೆಯಲ್ಲಿ ಹಲವು ತಿಂಗಳ ಹೊಂದಾಣಿಕೆ ತರಬೇತಿಯಿಂದಲಾದರೂ ಬಾಯಿಮಾತಿನ ಮತ್ತು ಪ್ರಾಯೋಗಿಕ ಪರೀಕ್ಷೆಯಿಂದಲಾದರೂ ತುಂಬಿಕೊಳ್ಳಬಹುದು. ಇಷ್ಟಾದರೂ ಜರ್ಮನ್ ಬಿ2 ಇಲ್ಲದೆ ಕೊನೆಯ ಪ್ರಮಾಣಪತ್ರ ಕೈಗೆ ಬರುವುದಿಲ್ಲ. ಕನ್ನಡವೂ ಇಂಗ್ಲಿಷೂ ಮಾತ್ರ ಗೊತ್ತಿರುವವರಿಗೆ ಬಿ2 ಎಂದರೆ ಸುಮಾರು ಒಂದು ವರ್ಷದ ಬಿಡದ ಓದು.

ಅವಳ ಹೆಸರಿನಲ್ಲಿ ಹೊರಟರೆ ಇಡೀ ಮನೆ ಈ ಭಾಷೆಯ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತದೆ. ಗಂಡನ ಬ್ಲೂ ಕಾರ್ಡಿನಲ್ಲಿ ಹೊರಟರೆ ಹೆಂಡತಿಯ ವೀಸಾಕ್ಕೆ ಜರ್ಮನ್ ಪರೀಕ್ಷೆಯ ಷರತ್ತಿಲ್ಲ, ಹೋದ ಮೇಲೆ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕಿದೆ. ಅಲ್ಲಿ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಸಹಾಯಕಿಯಾಗಿ ಸೇರಿ, ಸುತ್ತಲಿನ ಮಾತು ಕಿವಿಗೆ ಬೀಳುತ್ತಿರುವಾಗಲೇ ಬಿ2 ಓದಬಹುದು. ಗಂಡನಿಗೆ ಕೆಲಸ ಸಿಕ್ಕ ಊರು ಯಾವ ರಾಜ್ಯದ್ದೋ ಆ ರಾಜ್ಯದ ಕಚೇರಿಗೇ ಮಾನ್ಯತೆಯ ಅರ್ಜಿ ಹಾಕಿದರಾಯಿತು.

ಮಾಲೀಕನೇ ಬೇಡದ ದಾರಿ

ಆಸ್ಟ್ರೇಲಿಯಾದ 189 ಎಂಬ ವೀಸಾ ಮೂರನೆಯ ಮಾದರಿ. ಅದಕ್ಕೆ ಕೆಲಸ ಕೊಡುವವರು ಮೊದಲೇ ಸಿಕ್ಕಿರಬೇಕಾಗಿಲ್ಲ. 45 ವರ್ಷದೊಳಗಿರಬೇಕು, ವೃತ್ತಿ ಅಲ್ಲಿನ ಪಟ್ಟಿಯಲ್ಲಿರಬೇಕು, ವೃತ್ತಿ ಸಂಸ್ಥೆಯಿಂದ ಅರ್ಹತೆಯ ಮೌಲ್ಯಮಾಪನ ಆಗಿರಬೇಕು, ವಯಸ್ಸು, ಇಂಗ್ಲಿಷ್, ಅನುಭವಕ್ಕೆ ಸೇರಿ ಕನಿಷ್ಠ 65 ಅಂಕ ಬರಬೇಕು. ಕರೆ ಬರಲು 65 ಸಾಲದಿರುವುದೇ ಹೆಚ್ಚು.

ಇಲ್ಲಿ ಐಟಿಯವರು ಮೋಸಹೋಗುವ ಒಂದು ಲೆಕ್ಕವಿದೆ. ಅಲ್ಲಿನ ಕಂಪ್ಯೂಟರ್ ಸೊಸೈಟಿ ಮೌಲ್ಯಮಾಪನ ಮಾಡುವಾಗ, ಓದಿದ ವಿಷಯ ಕೆಲಸಕ್ಕೆ ಹತ್ತಿರವಿದ್ದರೂ ಸಾಮಾನ್ಯವಾಗಿ ಮೊದಲ ಎರಡು ವರ್ಷದ ಅನುಭವವನ್ನು ಕಲಿಕೆಯ ಅವಧಿಯೆಂದು ಕಳೆಯುತ್ತದೆ. ನಮ್ಮ ಗಂಡನ ಐದು ವರ್ಷ ಅಲ್ಲಿ ಮೂರಾಗುತ್ತದೆ. ಹತ್ತು ಅಂಕ ಬರಬೇಕಾದಲ್ಲಿ ಐದೇ ಬರುತ್ತದೆ.

ಎಡವುವುದು ಕಾಗದದಲ್ಲಿ

ಯಾವ ದೇಶವಾದರೂ ಮಾನ್ಯತೆಯ ಅರ್ಜಿ ನಿಲ್ಲುವುದು ನಮ್ಮೂರಿನ ಕಾಗದಗಳಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ತಂದೆಯ ಹೆಸರು, ಮದುವೆಯಾದ ಮೇಲೆ ಮಾಡಿಸಿದ ಕಾರ್ಡಿನಲ್ಲಿ ಗಂಡನ ಹೆಸರು. ನಮಗೆ ಇವೆಲ್ಲ ಒಬ್ಬರೇ, ಅಲ್ಲಿನ ಗುಮಾಸ್ತನಿಗೆ ಮೂವರು. ಇದನ್ನು ಮೊದಲು ಸರಿಪಡಿಸಬೇಕು. ನರ್ಸ್‌ಗಳು ವಿಶ್ವವಿದ್ಯಾಲಯದಿಂದ, ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡು ಎಂದು ಬಿಡಿಸಿ ತೋರಿಸುವ ಟ್ರಾನ್ಸ್‌ಕ್ರಿಪ್ಟ್ ಪಡೆಯಬೇಕು. ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಚಾಲ್ತಿಯಲ್ಲಿರಬೇಕು. ಅನುಭವ ಪತ್ರದಲ್ಲಿ ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದೇ ಸಾಲಿದ್ದರೆ ಸಾಲದು. ಯಾವ ವಿಭಾಗ, ವಾರಕ್ಕೆ ಎಷ್ಟು ಗಂಟೆ, ಎಂಥ ಕೆಲಸ ಎಂಬುದೆಲ್ಲ ಇರಬೇಕು.

ಮೋಸಗಾರರು ಹೆಚ್ಚಾಗಿ ಕೈಹಾಕುವುದು ಮಾನ್ಯತೆಗಿಂತ ಸ್ಪಾನ್ಸರ್‌ಶಿಪ್ಪಿಗೆ. ಮಂಡಳಿಯ ಪರೀಕ್ಷೆಯನ್ನು ಮಾರುವುದು ಕಷ್ಟ. ‘ಸ್ಪಾನ್ಸರ್‌ಶಿಪ್ ಕೊಡಿಸುತ್ತೇವೆ, ಹತ್ತು ಲಕ್ಷ’ ಎಂದು ಹೇಳುವುದು ಸುಲಭ. ಬ್ರಿಟನ್ನಿನ ಮಟ್ಟಿಗೆ ಪರೀಕ್ಷೆ ಸರಳ. gov.uk ತಾಣದಲ್ಲಿ Register of licensed sponsors: workers ಎಂಬ ಪಟ್ಟಿ ಯಾರಿಗೂ ಸಿಗುತ್ತದೆ. ಅದರಲ್ಲಿ ಆ ಸಂಸ್ಥೆಯ ಹೆಸರಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇದ್ದರೆ, ಪರವಾನಗಿ ಇದೆ ಎಂದಷ್ಟೇ ಗೊತ್ತಾಗುತ್ತದೆ. ಕೆಲಸ ಇದೆ ಎಂಬುದಕ್ಕೆ ಪುರಾವೆ ಅಲ್ಲ. ಆ ಸರ್ಟಿಫಿಕೇಟಿನ ಶುಲ್ಕವನ್ನು ಮಾಲೀಕ ನೌಕರನಿಂದ ವಸೂಲಿ ಮಾಡುವುದು ನಿಯಮಬಾಹಿರ. ಅದಕ್ಕೆಂದು ಹಣ ಕೇಳಿದರೆ ಅದೇ ಸಾಕ್ಷಿ. ಭಾರತದಲ್ಲಿ ನೇಮಕಾತಿ ಏಜೆಂಟರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿಸಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ.

ಲೆಕ್ಕದ ಮೊತ್ತ

ಹಾಗಾದರೆ ಮಂಗಳೂರಿನ ಈ ಮನೆ ಏನು ಮಾಡಬೇಕು? ಮೂರು ಒಪ್ಪಿಗೆಗಳಲ್ಲಿ ಯಾವುದು ಮುರಿದರೆ ಏನಾಗುತ್ತದೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಬ್ರಿಟನ್ನಿನಲ್ಲಿ ಮಾಲೀಕನ ಪರವಾನಗಿ ಹೋದರೆ ಅಥವಾ ಕೆಲಸ ಕೈತಪ್ಪಿದರೆ, ವೀಸಾ ಮೊಟಕಾಗುವ ಪತ್ರ ಬಂದ ಮೇಲೆ ಸಾಮಾನ್ಯವಾಗಿ 60 ದಿನದೊಳಗೆ ಹೊಸ ಸ್ಪಾನ್ಸರ್ ಹುಡುಕಬೇಕು. ಎನ್‌ಎಂಸಿ ನೋಂದಣಿ ಕೈಯಲ್ಲಿದ್ದ ನರ್ಸ್‌ಗೆ ಇನ್ನೊಂದು ಆಸ್ಪತ್ರೆ ಸಿಗಬಹುದು, ಏಕೆಂದರೆ ಆ ನೋಂದಣಿ ಆಸ್ಪತ್ರೆಯದಲ್ಲ, ಅವಳದು. ಕೇರ್ ವರ್ಕರ್‌ಗಳು ಬೀದಿಗೆ ಬಿದ್ದದ್ದಕ್ಕೆ ಒಂದು ಕಾರಣ, ಅವರ ಕೈಯಲ್ಲಿ ಮಾಲೀಕ ಕೊಟ್ಟ ಸಂಖ್ಯೆಯ ಹೊರತು ತಮ್ಮದೆನ್ನುವ ಇಂಥ ಯಾವ ಕಾಗದವೂ ಇರಲಿಲ್ಲ.

ಆದ್ದರಿಂದ ಹೆಂಡತಿ ಒಇಟಿಗೆ ಓದಲು ಶುರು ಮಾಡಲಿ, ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಕ್ರಿಪ್ಟಿನ ಅರ್ಜಿ ಹಾಕಲಿ. ಆ ಟ್ರಾನ್ಸ್‌ಕ್ರಿಪ್ಟ್ ಜರ್ಮನಿಗೂ ಬೇಕಾಗುತ್ತದೆ. ಗಂಡ ಇವತ್ತು ಸಂಜೆಯೇ ಅನಾಬಿನ್ ತೆರೆದು ತನ್ನ ಪದವಿಯನ್ನು ನೋಡಲಿ, ಖರ್ಚಿಲ್ಲದ ಕೆಲಸ. ಅವಳಿಗೆ ಬ್ರಿಟನ್ನಿನ ಆಸ್ಪತ್ರೆಯಿಂದ ಹುದ್ದೆಯ ಪತ್ರ ಮೊದಲು ಬಂದರೆ ಅವನು ಅವಲಂಬಿತನಾಗಿ ಹೋಗಲಿ. ಅವನಿಗೆ ಜರ್ಮನ್ ಕಂಪನಿಯ ಒಪ್ಪಂದ ಮೊದಲು ಬಂದರೆ ಅವಳು ಜರ್ಮನ್ ಪುಸ್ತಕ ಹಿಡಿಯಲಿ. ಬ್ರಿಟನ್ನಿಗೆ ಅವನ ಹೆಸರಿನಲ್ಲಿ, ಜರ್ಮನಿಗೆ ಅವಳ ಹೆಸರಿನಲ್ಲಿ ಹೊರಡುವ ಯೋಜನೆಯನ್ನು ಮಾತ್ರ ಈಗಲೇ ಕೈಬಿಡುವುದು ಮೇಲು.